ಫೋಟೊದಲ್ಲಿರುವ ಕಾಕ್ಸ್ ಕೋಷ್ಟಕದಿಂದ ಹಜಾರ್ಡ್ ರೇಶಿಯೊ ಮತ್ತು ಕಾನ್ಫಿಡೆನ್ಸ್ ಇಂಟರ್ವಲ್ ತೆಗೆಯುವುದು: ಸಮಗ್ರ ಮಾರ್ಗದರ್ಶಿ

ಪರದೆಯ ಮೇಲಿನ ಕಾಕ್ಸ್ ಮಾಡೆಲ್‌ನ ಫಲಿತಾಂಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಜೊತೆಗೆ ಒಂದೇ ಪ್ರಶ್ನೆ: ಹಜಾರ್ಡ್ ರೇಶಿಯೊ ಎಷ್ಟು, ಅದರ ಇಂಟರ್ವಲ್ ಎಷ್ಟು? ಉತ್ತರ ಆ ಚಿತ್ರದಲ್ಲೇ ಇರುತ್ತದೆ. ಆದರೂ ವರದಿಗೆ ಹೋಗಿ ಸೇರುವುದು ಬಹಳ ಸಲ ಬೇರೆಯೇ ಸಂಖ್ಯೆ. ಒಬ್ಬರು ಪಕ್ಕದ ಕಾಲಂನಿಂದ ಎತ್ತಿರುತ್ತಾರೆ, ಇನ್ನೊಬ್ಬರು ಮೇಲಿನ ಸಾಲಿಗೆ ಜಾರಿರುತ್ತಾರೆ, ಮತ್ತೊಬ್ಬರಿಗೆ ಮೈನಸ್ ಚಿಹ್ನೆಯೇ ಕಂಡಿರುವುದಿಲ್ಲ.

ಈ ಕೆಲಸಕ್ಕೆ ಇರುವ ದೊಡ್ಡ ಅನುಕೂಲವೊಂದನ್ನು ಹೆಚ್ಚಿನವರು ಬಳಸುವುದೇ ಇಲ್ಲ. ಕಾಕ್ಸ್ ಕೋಷ್ಟಕದ ಒಂದು ಸಾಲಿನಲ್ಲಿ ಆರೇಳು ಸಂಖ್ಯೆಗಳಿದ್ದರೂ ನಿಜವಾದ ಮಾಹಿತಿ ಎರಡೇ: ಕೋಎಫಿಶಿಯೆಂಟ್ ಮತ್ತು ಅದರ ಸ್ಟ್ಯಾಂಡರ್ಡ್ ಎರರ್. ಮಿಕ್ಕದ್ದೆಲ್ಲ ಇವೆರಡರಿಂದ ಲೆಕ್ಕ ಹಾಕಿ ಬಂದದ್ದು. ಹಾಗಾಗಿ ಮಸುಕಾದ ಒಂದು ಅಂಕಿಯನ್ನು ಊಹಿಸಬೇಕಿಲ್ಲ, ಪಕ್ಕದ ಅಂಕಿಗಳಿಂದ ಲೆಕ್ಕ ಹಾಕಿಯೇ ಹಿಡಿಯಬಹುದು. ಕೆಳಗಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ.

## ಬೇಕಾದ ಸಲಕರಣೆ ಮತ್ತು ಉದಾಹರಣೆ

`ln` ಮತ್ತು `eˣ` ಗುಂಡಿಗಳಿರುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಸ್ಪ್ರೆಡ್‌ಶೀಟ್ ಬಳಸುವವರು `LN` ಮತ್ತು `EXP` ಫಂಕ್ಷನ್‌ಗಳನ್ನೇ ಬಳಸಿ. ಅಲ್ಲಿ `LOG` ಎಂದು ಬರೆದರೆ ಹತ್ತರ ಆಧಾರದ ಲಾಗ್ ಬರುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಆರ್ ಭಾಷೆಯಲ್ಲಿ ಮಾತ್ರ `log` ಎಂದರೆ ನಮಗೆ ಬೇಕಾದ ನೈಸರ್ಗಿಕ ಲಾಗ್. ಎರಡರಲ್ಲೂ ಕೆಲಸ ಮಾಡುವವರು ಎಡವುವುದು ಇಲ್ಲೇ.

ಉದಾಹರಣೆಗೆ ಆರ್‌ನ `survival` ಪ್ಯಾಕೇಜಿನ ಜೊತೆಗೇ ಬರುವ `lung` ದತ್ತಾಂಶವನ್ನು ತೆಗೆದುಕೊಂಡಿದ್ದೇನೆ. ಮುಂದುವರಿದ ಹಂತದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ದಾಖಲೆ ಅದು. ಅದರಲ್ಲಿ `ph.ecog` ಎಂದರೆ ರೋಗಿ ದಿನನಿತ್ಯದ ಕೆಲಸ ಎಷ್ಟು ಮಾಡಬಲ್ಲರು ಎಂದು ವೈದ್ಯರು ಕೊಟ್ಟ ಇಕಾಗ್ ಸ್ಕೋರ್. ಆದೇಶ ಇಷ್ಟೇ:

```r
library(survival)
summary(coxph(Surv(time, status) ~ age + sex + ph.ecog,
              data = lung))
```

ಪರದೆಯ ಮೇಲೆ ಬರುವ ಮುಖ್ಯ ಭಾಗ ಇದು:

```
            coef exp(coef)  se(coef)      z Pr(>|z|)
age     0.011067  1.011128  0.009267  1.194 0.232416
sex    -0.552612  0.575445  0.167739 -3.294 0.000986 ***
ph.ecog 0.463728  1.589991  0.113577  4.083 4.45e-05 ***

        exp(coef) exp(-coef) lower .95 upper .95
age        1.0111     0.9890    0.9929    1.0297
sex        0.5754     1.7378    0.4142    0.7994
ph.ecog    1.5900     0.6289    1.2727    1.9864
```

ಸಾಧ್ಯವಾದರೆ ಇದನ್ನೇ ನಿಮ್ಮ ಪರದೆಯ ಮೇಲೆ ತೆರೆದು, ಬೇಕೆಂದೇ ಓರೆಯಾಗಿ ಒಂದು ಫೋಟೊ ತೆಗೆದು, ಅದನ್ನು ಮುಂದಿಟ್ಟುಕೊಂಡು ಓದಿ. ಸರಿ ಉತ್ತರ ಮೇಲೆಯೇ ಇದೆ, ಅಭ್ಯಾಸಕ್ಕೆ ಒಳ್ಳೆಯದು.

## ಹಂತ 1: ಸಂಖ್ಯೆಗೆ ಮೊದಲು ಫೋಟೊ ನೋಡಿ

ಮೊದಲು ಕೋಷ್ಟಕದ ನಾಲ್ಕೂ ಅಂಚುಗಳು ಚಿತ್ರದೊಳಗಿವೆಯೇ ನೋಡಿ. ತಲೆಬರಹದ ಸಾಲು ಕತ್ತರಿಸಿ ಹೋಗಿದ್ದರೆ ಯಾವ ಕಾಲಂ ಯಾವುದೆಂಬುದಕ್ಕೆ ಆಧಾರ ತಪ್ಪುತ್ತದೆ. ಬಲ ಅಂಚು ಹೋಗಿದ್ದರೆ ಸಾಮಾನ್ಯವಾಗಿ ಕಳೆದುಹೋಗುವುದು ಇಂಟರ್ವಲ್‌ನ ಮೇಲಿನ ಮಿತಿ, ಅಥವಾ ಪಿ ಬೆಲೆಯ ಬಾಲ. `4.45e-05` ಎಂಬುದರಲ್ಲಿ `e-05` ಕತ್ತರಿಸಿಹೋದರೆ ಉಳಿಯುವುದು 4.45. ಪಿ ಬೆಲೆ ಯಾವತ್ತೂ 1ನ್ನು ಮೀರುವುದಿಲ್ಲ, ಹಾಗಾಗಿ ಇದನ್ನು ಹಿಡಿಯುವುದು ಸುಲಭ. ಆದರೂ ಅವಸರದಲ್ಲಿ ಕಣ್ತಪ್ಪಿ ಹೋಗುತ್ತದೆ.

ಚಿತ್ರ ಓರೆಯಾಗಿದ್ದರೆ ಓದುವ ಮೊದಲೇ ನೇರ ಮಾಡಿ. ಮೊಬೈಲಿನ ಫೋಟೊ ಎಡಿಟರಿನಲ್ಲಿ ತಿರುಗಿಸುವ ಸೌಲಭ್ಯ ಇದ್ದೇ ಇರುತ್ತದೆ. ಸಣ್ಣ ಓರೆಯೂ ಅಗಲವಾದ ಕೋಷ್ಟಕದಲ್ಲಿ ಒಂದಿಡೀ ಸಾಲನ್ನು ಜಾರಿಸಿಬಿಡುತ್ತದೆ: ಎಡಗಡೆ `sex` ಎಂದು ಹಿಡಿದ ಕಣ್ಣು ಬಲಗಡೆ ತಲುಪುವಷ್ಟರಲ್ಲಿ `ph.ecog` ಸಾಲಿನ ಮೇಲಿರುತ್ತದೆ. ಚಿತ್ರದ ಮೇಲೆ ನೇರ ಅಂಚಿನ ಕಾಗದವೊಂದನ್ನು ಹಿಡಿದು ಒಂದೊಂದೇ ಸಾಲು ಓದುವುದು ಹಳೆಯ ಉಪಾಯ, ಈಗಲೂ ಅದೇ ಅತ್ಯುತ್ತಮ.

ಪರದೆಯ ಫೋಟೊಗಳಲ್ಲಿ ಅಲೆಅಲೆಯಾದ ಗೆರೆಗಳು ಬರುವುದುಂಟು. ಅಂಥ ಕಡೆ 3 ಮತ್ತು 8, 1 ಮತ್ತು 7, 0 ಮತ್ತು 6 ಒಂದರಂತೆ ಇನ್ನೊಂದು ಕಾಣುತ್ತವೆ. ಹೀಗೆ ಅನುಮಾನ ಬಂದ ಅಂಕಿಯನ್ನು ಬರೆದುಕೊಳ್ಳುವಾಗಲೇ ಕೆಳಗೊಂದು ಗೆರೆ ಎಳೆದುಬಿಡಿ. ಯಾವುದನ್ನು ಸ್ಪಷ್ಟವಾಗಿ ಕಂಡೆವು, ಯಾವುದನ್ನು ಅಂದಾಜಿಸಿದೆವು ಎಂಬುದು ಹಂತ 5ರಲ್ಲಿ ಬೇಕಾಗುತ್ತದೆ.

## ಹಂತ 2: ಯಾವ ತಂತ್ರಾಂಶದ ಕೋಷ್ಟಕ ಎಂದು ಗುರುತಿಸಿ

ಹಜಾರ್ಡ್ ರೇಶಿಯೊಗೆ ಒಂದೊಂದು ತಂತ್ರಾಂಶ ಒಂದೊಂದು ಹೆಸರಿಡುತ್ತದೆ. ಅದಕ್ಕಿಂತ ತೊಂದರೆಯ ವಿಷಯವೆಂದರೆ ಸ್ಟ್ಯಾಂಡರ್ಡ್ ಎರರ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಅಳತೆ ಕೊಡುತ್ತವೆ.

ಆರ್. ಮೇಲೆ ಕಂಡಂತೆ ಎರಡು ಕೋಷ್ಟಕ. ಹಜಾರ್ಡ್ ರೇಶಿಯೊ ಇರುವುದು `exp(coef)` ಕಾಲಂನಲ್ಲಿ. ಎರಡನೆಯ ಕೋಷ್ಟಕದಲ್ಲಿ ಅದಕ್ಕೆ ಅಂಟಿಕೊಂಡೇ `exp(-coef)` ಇದೆ, ಅದು ತಲೆಕೆಳಗು ಮಾಡಿದ ರೇಶಿಯೊ. ಫೋಟೊದಲ್ಲಿ ಆ ಚಿಕ್ಕ ಮೈನಸ್ ಮಾಯವಾದರೆ ಎರಡೂ ಕಾಲಂಗಳ ಹೆಸರು ಒಂದೇ ಆಗಿ ಕಾಣುತ್ತದೆ. ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚಿನವು ಇದರಿಂದಲೇ ಆದವು: 0.5754 ಎಂದಿರಬೇಕಾದ ಕಡೆ 1.7378 ಬರೆದು, ಪಕ್ಕದಲ್ಲಿ ಇಂಟರ್ವಲ್ 0.4142 ರಿಂದ 0.7994 ಎಂದು ಸೇರಿಸಿರುತ್ತಾರೆ. ತನ್ನ ಇಂಟರ್ವಲ್‌ನ ಹೊರಗೇ ಕುಳಿತ ರೇಶಿಯೊ!

ಸ್ಟೇಟಾ. `stcox` ಆದೇಶ ನೇರವಾಗಿ `Haz. ratio` ತೋರಿಸುತ್ತದೆ, ಕೋಎಫಿಶಿಯೆಂಟ್ ಬೇಕಿದ್ದರೆ `nohr` ಎಂದು ಕೇಳಬೇಕು. ಇಲ್ಲಿ ಎಚ್ಚರ ವಹಿಸಬೇಕಾದದ್ದು ಸ್ಟ್ಯಾಂಡರ್ಡ್ ಎರರ್ ಕಾಲಂ. ಹಜಾರ್ಡ್ ರೇಶಿಯೊ ಜೊತೆ ಮುದ್ರಿಸುವಾಗ ಅದು ರೇಶಿಯೊದ ಎರರ್, ಲಾಗ್ ಅಳತೆಯದಲ್ಲ. ನಮ್ಮ `sex` ಸಾಲನ್ನು ಅಲ್ಲಿ ನೋಡಿದರೆ 0.1677 ಬದಲು ಸುಮಾರು 0.0965 ಇರುತ್ತದೆ, ಅಂದರೆ 0.5754 × 0.1677. ಲಾಗ್ ಅಳತೆಯ ಎರರ್ ಬೇಕಿದ್ದರೆ ಆ ಸಂಖ್ಯೆಯನ್ನು ರೇಶಿಯೊದಿಂದ ಭಾಗಿಸಬೇಕು.

ಎಸ್‌ಪಿಎಸ್‌ಎಸ್. `B`, `SE`, `Wald`, `df`, `Sig.`, `Exp(B)`, ಕೊನೆಗೆ `Lower` ಮತ್ತು `Upper`. ಹಜಾರ್ಡ್ ರೇಶಿಯೊ ಎಂದರೆ `Exp(B)`. ಇಲ್ಲಿನ `Wald` ಎಂಬುದು z ಅಲ್ಲ, z ನ ವರ್ಗ. ನಮ್ಮ ಸಾಲಿಗೆ ಅದು 10.85 ಆಗುತ್ತದೆ. ಇನ್ನೊಂದು, ಇದು 0.575 ಅನ್ನು `.575` ಎಂದು ಸೊನ್ನೆಯಿಲ್ಲದೆ ಮುದ್ರಿಸುತ್ತದೆ. ಮಸುಕು ಫೋಟೊದಲ್ಲಿ ಚುಕ್ಕೆಯೂ ಹೋದರೆ ಉಳಿಯುವುದು 575. ಇಂಟರ್ವಲ್‌ನ ತುದಿಗಳು ಕೂಡ ಬರೀ ಮೂರಂಕಿಯ ಪೂರ್ಣಸಂಖ್ಯೆಗಳಂತೆ ಕಂಡರೆ ಚುಕ್ಕೆ ಕಳೆದಿದೆ ಎಂದೇ ಲೆಕ್ಕ.

ಸ್ಯಾಸ್. `PHREG` ಕೋಷ್ಟಕದಲ್ಲಿ `Hazard Ratio` ಎಂಬ ಕಾಲಂ ಇರುತ್ತದೆ. `Chi-Square` ಎಂಬುದು ಮೇಲಿನಂತೆಯೇ z ನ ವರ್ಗ. ಇಂಟರ್ವಲ್ ಬೇಕೆಂದು ಕೇಳಿರದಿದ್ದರೆ ಆ ಕಾಲಂಗಳೇ ಇರದಿರಬಹುದು. ಆಗ ಹಂತ 4ರಂತೆ ನಾವೇ ಲೆಕ್ಕ ಹಾಕಬೇಕು.

ಪೈಥಾನ್‌ನ ಲೈಫ್‌ಲೈನ್ಸ್. ಇಲ್ಲಿ ನಾಲ್ಕು ಮಿತಿಗಳಿವೆ: `coef lower 95%`, `coef upper 95%`, ಆಮೇಲೆ `exp(coef) lower 95%`, `exp(coef) upper 95%`. ವರದಿಗೆ ಬೇಕಾದದ್ದು ಎರಡನೆಯ ಜೋಡಿ. ಮಿತಿ ಎಂದು ಎತ್ತಿಕೊಂಡ ಸಂಖ್ಯೆ ಋಣಾತ್ಮಕವಾಗಿದ್ದರೆ ಮೊದಲ ಜೋಡಿಗೆ ಕೈ ಹಾಕಿದ್ದೀರಿ ಎಂದೇ ಅರ್ಥ, ಏಕೆಂದರೆ ಹಜಾರ್ಡ್ ರೇಶಿಯೊ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ.

## ಹಂತ 3: ಸಾಲನ್ನು ಗಟ್ಟಿ ಮಾಡಿಕೊಳ್ಳಿ

ನಮ್ಮ ಪ್ರಶ್ನೆ ಲಿಂಗದ ಬಗ್ಗೆ ಎಂದಿಟ್ಟುಕೊಳ್ಳಿ. `sex` ಸಾಲನ್ನು ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಓದಿ ಎಲ್ಲ ಸಂಖ್ಯೆಗಳನ್ನೂ ಬರೆದುಕೊಳ್ಳಿ: −0.552612, 0.575445, 0.167739, −3.294, 0.000986. ಬೇಕಾದದ್ದು ಒಂದೇ ಆದರೂ ಪೂರ್ತಿ ಸಾಲನ್ನು ಬರೆಯಬೇಕು. ಪರೀಕ್ಷೆಗೆ ಇವೆಲ್ಲ ಬೇಕು.

ಬರೆದ ಕೂಡಲೇ ಚಿಹ್ನೆ ನೋಡಿ. ಕೋಎಫಿಶಿಯೆಂಟ್ ಋಣವಾಗಿದ್ದರೆ ರೇಶಿಯೊ 1ಕ್ಕಿಂತ ಕಡಿಮೆ ಇರಲೇಬೇಕು, ಧನವಾಗಿದ್ದರೆ 1ಕ್ಕಿಂತ ಹೆಚ್ಚು. z ನ ಚಿಹ್ನೆಯೂ ಕೋಎಫಿಶಿಯೆಂಟ್‌ನದೇ. ಕೋಎಫಿಶಿಯೆಂಟ್ 0.5526, ರೇಶಿಯೊ 0.5754 ಎಂದು ನಿಮ್ಮ ಹಾಳೆಯಲ್ಲಿ ಬಂದಿದ್ದರೆ ಮೈನಸ್ ಬಿಟ್ಟುಹೋಗಿದೆ. ಈ ಸಾಲಿನಲ್ಲಿ ಎರಡೂ ಸಂಖ್ಯೆಗಳು ಹತ್ತಿರಹತ್ತಿರ ಇರುವುದರಿಂದ ಒಂದನ್ನು ಇನ್ನೊಂದೆಂದು ಬಗೆಯುವ ಅಪಾಯ ಬೇರೆ ಇದೆ.

ಕಾಲಂಗಳು ಹೆಚ್ಚಾದಾಗ ಕೋಷ್ಟಕ ಪರದೆಯ ಅಗಲಕ್ಕೆ ಹಿಡಿಸದೆ ಮುರಿದು ಕೆಳಗೆ ಮುಂದುವರಿಯುತ್ತದೆ. ಆಗ ಒಂದೇ ಅಸ್ಥಿರದ ಹೆಸರು ಎರಡು ಕಡೆ ಬರುತ್ತದೆ. ಸಾಲಿನ ಸ್ಥಾನ ನಂಬಬೇಡಿ, ಹೆಸರು ನೋಡಿಯೇ ಜೋಡಿಸಿ.

## ಹಂತ 4: ಎರಡು ಸಂಖ್ಯೆಗಳಿಂದ ನೀವೇ ಲೆಕ್ಕ ಹಾಕಿ

ಇಂಟರ್ವಲ್ ಚಿತ್ರದಲ್ಲೇ ಇದ್ದರೂ ಈ ಹಂತ ಬಿಡಬೇಡಿ. ಕೆಲಸ ಮೊದಲು ಲಾಗ್ ಅಳತೆಯಲ್ಲಿ, ಕೊನೆಗೆ ಮಾತ್ರ `eˣ`.

1.96 × 0.167739 = 0.328768. ಇದನ್ನು −0.552612 ರಿಂದ ಕಳೆದರೆ −0.881380, ಕೂಡಿದರೆ −0.223844. ಈಗ ಮೂರಕ್ಕೂ `eˣ` ಒತ್ತಿ: ನಡುವಿನದು 0.5754, ಕೆಳಗಿನ ಮಿತಿ 0.4142, ಮೇಲಿನ ಮಿತಿ 0.7994. ಕೋಷ್ಟಕದಲ್ಲಿರುವುದೂ ಇದೇ.

```r
b  <- -0.552612
se <-  0.167739
exp(c(b, b - 1.96*se, b + 1.96*se))
```

ಇಲ್ಲಿ ಪದೇ ಪದೇ ಆಗುವ ತಪ್ಪು ಎಂದರೆ ಮೊದಲೇ `eˣ` ಮಾಡಿ, ಬಂದ ರೇಶಿಯೊಗೆ 1.96 ಪಟ್ಟು ಎರರ್ ಕೂಡಿ ಕಳೆಯುವುದು. ಹಾಗೆ ಮಾಡಿದರೆ 0.2467 ರಿಂದ 0.9042 ಬರುತ್ತದೆ. ಸ್ಟೇಟಾದ 0.0965 ಹಿಡಿದುಕೊಂಡು ಹೀಗೆ ಮಾಡಿದವರಿಗೆ 0.3863 ರಿಂದ 0.7646 ಸಿಗುತ್ತದೆ. ಈ ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ನೋಡಲು ಸರಿಯಾಗಿಯೇ ಇದೆ.

ಹೀಗಾಗಿದೆ ಎಂದು ಗುರುತಿಸುವುದು ಹೇಗೆ? ರೇಶಿಯೊದಿಂದ ಎರಡೂ ತುದಿಗಳಿಗೆ ಇರುವ ದೂರ ನೋಡಿ. ಸರಿಯಾದ ಇಂಟರ್ವಲ್‌ನಲ್ಲಿ ಕೆಳಗಿನ ತುದಿಗೆ 0.1612, ಮೇಲಿನ ತುದಿಗೆ 0.2240. ಕೆಳಗಿನದು ಯಾವಾಗಲೂ ಹತ್ತಿರ. ರೇಶಿಯೊ ಸರಿಯಾಗಿ ಮಧ್ಯದಲ್ಲಿ ಕುಳಿತಿದ್ದರೆ ಯಾರೋ ತಪ್ಪು ಅಳತೆಯಲ್ಲಿ ಕೂಡಿ ಕಳೆದಿದ್ದಾರೆ. ಎರರ್ ತೀರ ಚಿಕ್ಕದಿದ್ದಾಗ ಮಾತ್ರ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ: `age` ಸಾಲಿನಲ್ಲಿ ಎರಡೂ ದೂರ ಸರಿಸುಮಾರು ಒಂದೇ.

ತಲೆಬರಹದಲ್ಲಿ `robust se` ಎಂಬ ಹೆಚ್ಚುವರಿ ಕಾಲಂ ಇದ್ದರೆ ಲೆಕ್ಕಕ್ಕೆ ಅದನ್ನೇ ಬಳಸಿ. ಆರ್‌ನಲ್ಲಿ ಒಂದೇ ವ್ಯಕ್ತಿಯ ಅಥವಾ ಗುಂಪಿನ ಹಲವು ದಾಖಲೆಗಳನ್ನು `cluster` ಮಾಡಿದಾಗ `se(coef)` ಪಕ್ಕದಲ್ಲಿ ಇದು ಬರುತ್ತದೆ, z ಮತ್ತು ಇಂಟರ್ವಲ್ ಎರಡೂ ಇದರಿಂದಲೇ ಹುಟ್ಟಿರುತ್ತವೆ. ಹಳೆಯ `se(coef)` ಹಾಕಿ ಲೆಕ್ಕ ಕೂಡಲಿಲ್ಲವೆಂದು ಫೋಟೊವನ್ನು ದೂರುವ ಮೊದಲು ಈ ಕಾಲಂ ಇದೆಯೇ ನೋಡಿ.

## ಹಂತ 5: ಸಂಖ್ಯೆಗಳನ್ನು ಒಂದಕ್ಕೊಂದು ಒರೆ ಹಚ್ಚಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ಮೂರು ಪರೀಕ್ಷೆಗಳು ಸಾಕು.

ಮೊದಲನೆಯದು ಭಾಗಾಕಾರ. ಕೋಎಫಿಶಿಯೆಂಟನ್ನು ಎರರ್‌ನಿಂದ ಭಾಗಿಸಿದರೆ z ಬರಬೇಕು: −0.552612 ÷ 0.167739 = −3.294. ಬಂತು ಎಂದರೆ ಆ ಮೂರೂ ಅಂಕಿಗಳನ್ನು ಸರಿಯಾಗಿ ಓದಿದ್ದೀರಿ, ಮೂರೂ ಒಂದೇ ಸಾಲಿನವು.

ಎರಡನೆಯದು ಗುಣಾಕಾರ, ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದದ್ದು. ಇಂಟರ್ವಲ್‌ನ ಎರಡೂ ತುದಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಹಜಾರ್ಡ್ ರೇಶಿಯೊ ಬರಬೇಕು. ಲಾಗ್ ಅಳತೆಯಲ್ಲಿ ಎರಡೂ ತುದಿಗಳು ಸಮದೂರದಲ್ಲಿರುವುದರಿಂದ ಹೀಗಾಗುತ್ತದೆ. 0.4142 × 0.7994 = 0.3311, ವರ್ಗಮೂಲ 0.5754.

ಈಗ ಫೋಟೊದ ಮೇಲಿನ ಹೊಳಪಿನಿಂದಾಗಿ ಕೆಳಗಿನ ಮಿತಿಯನ್ನು 0.4142 ಬದಲು 0.4742 ಎಂದು ಓದಿದಿರಿ ಎನ್ನೋಣ. 1 ಹೋಗಿ 7 ಆಯಿತು. ನೋಡಲು ಏನೂ ಕೊರತೆಯಿಲ್ಲ: 1ಕ್ಕಿಂತ ಕೆಳಗಿದೆ, ರೇಶಿಯೊಗಿಂತಲೂ ಕೆಳಗಿದೆ. ಆದರೆ 0.4742 × 0.7994 ರ ವರ್ಗಮೂಲ 0.6157. ಕೋಷ್ಟಕದ ರೇಶಿಯೊ 0.5754. ಇಷ್ಟು ಅಂತರ ದಶಮಾಂಶ ಮೊಟಕು ಮಾಡುವುದರಿಂದ ಬರುವಂಥದ್ದಲ್ಲ, ಮೂರರಲ್ಲಿ ಒಂದನ್ನು ತಪ್ಪಾಗಿ ಓದಿದ್ದೀರಿ. ಯಾವುದು? ಹಂತ 1ರಲ್ಲಿ ಗೆರೆ ಎಳೆದಿಟ್ಟ ಅಂಕಿ ಉತ್ತರ ಹೇಳುತ್ತದೆ. ಅನುಮಾನ ಕೆಳಗಿನ ಮಿತಿಯ ಮೇಲಿದ್ದರೆ ರೇಶಿಯೊದ ವರ್ಗವನ್ನು ಮೇಲಿನ ಮಿತಿಯಿಂದ ಭಾಗಿಸಿ: 0.3311 ÷ 0.7994 = 0.4142. ಮತ್ತೆ ಫೋಟೊ ನೋಡಿ. ಆ 7 ನಿಜಕ್ಕೂ 1 ಎಂದು ಈಗ ಕಾಣುತ್ತದೆ.

ಮೂರನೆಯದು ಅಗಲದ ಪರೀಕ್ಷೆ. ಮೇಲಿನ ಮಿತಿಯನ್ನು ಕೆಳಗಿನದರಿಂದ ಭಾಗಿಸಿ, `ln` ತೆಗೆದು, 3.92 ರಿಂದ ಭಾಗಿಸಿದರೆ ಲಾಗ್ ಅಳತೆಯ ಎರರ್ ಬರಬೇಕು.

```r
lo <- 0.4142; hi <- 0.7994
sqrt(lo * hi)        # 0.5754
log(hi / lo) / 3.92  # 0.1677
```

ಇದರಿಂದ ಇನ್ನೊಂದು ಲಾಭವಿದೆ. ತಲೆಬರಹ ಕತ್ತರಿಸಿ ಹೋಗಿ ಇಂಟರ್ವಲ್ 95 ಶೇಕಡಾದ್ದೋ 90ರದ್ದೋ ಗೊತ್ತಾಗದಿದ್ದರೆ ಅದೇ ಲಾಗ್ ಅನ್ನು ಎರರ್‌ನ ಎರಡು ಪಟ್ಟಿನಿಂದ ಭಾಗಿಸಿ. 1.96 ಬಂದರೆ 95, 1.645 ಬಂದರೆ 90, 2.576 ಬಂದರೆ 99. ನಮ್ಮ ಸಾಲಿಗೆ 1.96 ಬರುತ್ತದೆ.

ಎಷ್ಟು ವ್ಯತ್ಯಾಸ ಸಹಿಸಬಹುದು ಎಂಬುದು ಮುದ್ರಿಸಿದ ದಶಮಾಂಶಗಳ ಮೇಲೆ ನಿಂತಿದೆ. ನಾಲ್ಕು ಸ್ಥಾನಗಳಿದ್ದರೆ ಮೂರನೆಯ ಸ್ಥಾನದವರೆಗೂ ಕೂಡಬೇಕು. ಎರಡೇ ಸ್ಥಾನಗಳ ಕೋಷ್ಟಕವಾದರೆ 0.41 × 0.80 ರ ವರ್ಗಮೂಲ 0.573, ಕೋಷ್ಟಕದಲ್ಲಿ 0.58. ಅಲ್ಲಿ ತಪ್ಪೇನೂ ಇಲ್ಲ, ಅದು ಮೊಟಕು ಮಾಡಿದ್ದರ ಫಲ.

## ಹಂತ 6: ಭಾಗ ಕತ್ತರಿಸಿ ಹೋಗಿದ್ದರೆ

ಕೋಎಫಿಶಿಯೆಂಟ್ ಮತ್ತು ಎರರ್ ಉಳಿದಿದ್ದರೆ ಏನೂ ಕಳೆದಿಲ್ಲ, ಹಂತ 4 ಸಾಕು. ರೇಶಿಯೊ ಮತ್ತು ಒಂದು ಮಿತಿ ಉಳಿದಿದ್ದರೆ ಇನ್ನೊಂದು ಮಿತಿ ರೇಶಿಯೊದ ವರ್ಗವನ್ನು ಆ ಮಿತಿಯಿಂದ ಭಾಗಿಸಿದಾಗ ಸಿಗುತ್ತದೆ. ರೇಶಿಯೊ ಮತ್ತು z ಉಳಿದಿದ್ದರೆ `ln` ರೇಶಿಯೊವನ್ನು z ನಿಂದ ಭಾಗಿಸಿ ಎರರ್ ಪಡೆಯಿರಿ. ಎಸ್‌ಪಿಎಸ್‌ಎಸ್ ಅಥವಾ ಸ್ಯಾಸ್ ಆಗಿದ್ದರೆ ಮೊದಲು `Wald` ಅಥವಾ `Chi-Square` ನ ವರ್ಗಮೂಲ ತೆಗೆಯುವುದು ಮರೆಯಬೇಡಿ, ಎರರ್‌ಗೆ ಮೈನಸ್ ಬಂದರೆ ಅದನ್ನು ಬಿಟ್ಟುಬಿಡಿ.

ಕಷ್ಟ ಬರುವುದು ರೇಶಿಯೊ ಮತ್ತು ಪಿ ಬೆಲೆ ಮಾತ್ರ ಉಳಿದಾಗ. ಪಿ ಇಂದ z ಗೆ ಹಿಂದಿರುಗಬಹುದು, ಆರ್‌ನಲ್ಲಿ `qnorm(1 - p/2)`. 0.000986 ಹಾಕಿದರೆ 3.29 ಬರುತ್ತದೆ, `ln` ರೇಶಿಯೊವನ್ನು ಅದರಿಂದ ಭಾಗಿಸಿ ಮೈನಸ್ ಬಿಟ್ಟರೆ ಎರರ್ 0.168. ಇಷ್ಟು ಚೆನ್ನಾಗಿ ಬಂದದ್ದು ಪಿ ಬೆಲೆಯ ಅಂಕಿಗಳೆಲ್ಲ ಇದ್ದುದರಿಂದ. ಚಿತ್ರದಲ್ಲಿ 0.001 ಎಂದಷ್ಟೇ ಇದ್ದರೆ ನಿಜವಾದ ಪಿ 0.0005 ರಿಂದ 0.0015 ರ ನಡುವೆ ಎಲ್ಲಿಯೂ ಇರಬಹುದು. ಆ ಎರಡು ತುದಿಗಳಿಂದ ಲೆಕ್ಕ ಹಾಕಿದರೆ ಕೆಳಗಿನ ಮಿತಿ 0.41 ರಿಂದ 0.42, ಮೇಲಿನದು 0.79 ರಿಂದ 0.81. ಹಾಗಾಗಿ ಎರಡೇ ದಶಮಾಂಶಗಳಲ್ಲಿ, ಅಂದಾಜು ಎಂದು ಬರೆದೇ ಕೊಡಬೇಕು. `<0.001` ಎಂದಿದ್ದರೆ ಇಂಟರ್ವಲ್ ತೆಗೆಯುವ ಪ್ರಯತ್ನವನ್ನೇ ಬಿಡಿ. ರೇಶಿಯೊ 1ರ ಹತ್ತಿರ ಇದ್ದು ಪಿ ದೊಡ್ಡದಿದ್ದಾಗಲೂ ಅಷ್ಟೇ: ಸೊನ್ನೆಗೆ ಹತ್ತಿರದ ಸಂಖ್ಯೆಯನ್ನು ಸೊನ್ನೆಗೆ ಹತ್ತಿರದ ಸಂಖ್ಯೆಯಿಂದ ಭಾಗಿಸುತ್ತಿರುತ್ತೀರಿ, ಬರುವ ಎರರ್‌ಗೆ ಬೆಲೆಯಿಲ್ಲ.

ಇನ್ನು ಕೆಲವನ್ನು ಪೂರ್ತಿ ಕೋಷ್ಟಕವಿದ್ದರೂ ತೆಗೆಯಲಾಗುವುದಿಲ್ಲ. `age:sex` ಎಂಬಂಥ ಜೋಡಿ ಸಾಲು ಇದ್ದರೆ `sex` ಸಾಲಿನ ರೇಶಿಯೊ ವಯಸ್ಸು ಸೊನ್ನೆ ಇದ್ದಾಗಿನದು, ಅದನ್ನು ಒಟ್ಟು ಪರಿಣಾಮವೆಂದು ಬರೆಯುವಂತಿಲ್ಲ. ಬೇರೆ ವಯಸ್ಸಿಗೆ ರೇಶಿಯೊ ಲೆಕ್ಕ ಹಾಕಬಹುದು, ಇಂಟರ್ವಲ್ ಆಗದು. ಅದಕ್ಕೆ ಕೋಎಫಿಶಿಯೆಂಟ್‌ಗಳ ನಡುವಿನ ಕೋವೇರಿಯನ್ಸ್ ಬೇಕು, ಅದು ಈ ಕೋಷ್ಟಕದಲ್ಲಿ ಇರುವುದಿಲ್ಲ. ಒಂದೇ ಅಸ್ಥಿರದ ಎರಡು ವರ್ಗಗಳನ್ನು, ಎರಡೂ ಆಧಾರ ವರ್ಗವಲ್ಲದಿದ್ದಾಗ, ತಮ್ಮತಮ್ಮಲ್ಲಿ ಹೋಲಿಸುವಾಗಲೂ ಇದೇ ಮಿತಿ. ಮಾಡೆಲ್ ಓಡಿಸಿದವರನ್ನೇ ಕೇಳಬೇಕು.

## ಹಂತ 7: ಯಾರಿಗೆ ಹೋಲಿಸಿ, ಎಷ್ಟು ಹೆಚ್ಚಳಕ್ಕೆ ಎಂದು ತಿಳಿದುಕೊಳ್ಳಿ

0.5754 ಸರಿ, ಆದರೆ ಯಾರದು? ಫೋಟೊ ಇದನ್ನು ಹೇಳುವುದಿಲ್ಲ. `lung` ದತ್ತಾಂಶದಲ್ಲಿ `sex` ಗೆ ಪುರುಷರು 1, ಮಹಿಳೆಯರು 2. ಕೋಎಫಿಶಿಯೆಂಟ್ ಎಂದರೆ ಒಂದು ಘಟಕ ಹೆಚ್ಚಾದಾಗಿನ ಬದಲಾವಣೆ, ಆದ್ದರಿಂದ ಇದು ಪುರುಷರಿಗೆ ಹೋಲಿಸಿದಾಗ ಮಹಿಳೆಯರ ರೇಶಿಯೊ. ಕೋಡಿಂಗ್ ತಿರುವುಮುರುವಾಗಿದ್ದರೆ ಇದೇ ದತ್ತಾಂಶಕ್ಕೆ 1.7378 ಬರುತ್ತಿತ್ತು. ಆಗ ಇಂಟರ್ವಲ್‌ನ ತುದಿಗಳೂ ತಲೆಕೆಳಗಾಗಿ ಜಾಗ ಬದಲಿಸುತ್ತವೆ: 1 ÷ 0.7994 = 1.251 ಕೆಳಗಿನದು, 1 ÷ 0.4142 = 2.414 ಮೇಲಿನದು. ರೇಶಿಯೊ ತಿರುಗಿಸಿ ಇಂಟರ್ವಲ್ ತಿರುಗಿಸದೆ ಬಿಡುವವರು ಬಹಳ ಮಂದಿ.

ವಯಸ್ಸಿನ ಸಾಲಿನಲ್ಲಿ ಘಟಕ ಒಂದು ವರ್ಷ. 1.0111 ಎಂಬುದು ಚಿಕ್ಕದಾಗಿ ಕಾಣುತ್ತದೆ ಎಂದು ಹತ್ತು ವರ್ಷಕ್ಕೆ ಬದಲಿಸಲು ಅದನ್ನು 10 ರಿಂದ ಗುಣಿಸಬೇಡಿ. ಕೋಎಫಿಶಿಯೆಂಟ್ ಮತ್ತು ಎರರ್ ಎರಡನ್ನೂ 10 ರಿಂದ ಗುಣಿಸಿ ಹಂತ 4 ಮತ್ತೆ ಮಾಡಿ: 1.117, ಇಂಟರ್ವಲ್ 0.931 ರಿಂದ 1.340. ಒಂದು ವರ್ಷದ ಇಂಟರ್ವಲ್‌ನಂತೆ ಇದರೊಳಗೂ 1 ಇದೆ. ಘಟಕ ಬದಲಿಸಿದ ಮಾತ್ರಕ್ಕೆ ಪಿ ಬೆಲೆ 0.232 ಬದಲಾಗುವುದಿಲ್ಲ.

## ಕಂಡರೆ ನಿಲ್ಲಬೇಕಾದ ಲಕ್ಷಣಗಳು

ಇಂಟರ್ವಲ್‌ನೊಳಗೆ 1 ಇಲ್ಲ, ಆದರೆ ಅದೇ ಸಾಲಿನ ಪಿ ಬೆಲೆ 0.05 ಕ್ಕಿಂತ ದೊಡ್ಡದು, ಅಥವಾ ಇದರ ವಿರುದ್ಧ. ಕಾಕ್ಸ್ ಕೋಷ್ಟಕದ ಸಾಲಿನಲ್ಲಿ ಇವೆರಡೂ ಒಂದೇ z ಇಂದ ಹುಟ್ಟುವುದರಿಂದ ಜಗಳ ಬರುವಂತಿಲ್ಲ. ಬಂದರೆ ಸಾಲು ಜಾರಿದೆ, ಇಲ್ಲವೇ ಪಿ ಬೆಲೆಯನ್ನು ಕೆಳಗಿರುವ `Likelihood ratio test` ಸಾಲಿನಿಂದ ಎತ್ತಿದ್ದೀರಿ. ಅದು ಇಡೀ ಮಾಡೆಲ್‌ನದು.

ಕೋಎಫಿಶಿಯೆಂಟ್ ಹದಿನೈದು ಇಪ್ಪತ್ತರಷ್ಟು, ಎರರ್ ಸಾವಿರಗಳಲ್ಲಿ, ಮೇಲಿನ ಮಿತಿಯ ಜಾಗದಲ್ಲಿ `Inf`. ಇದು ಓದುವ ತಪ್ಪಲ್ಲ. ಯಾವುದೋ ಒಂದು ಗುಂಪಿನಲ್ಲಿ ಒಂದೂ ಘಟನೆ ನಡೆದಿಲ್ಲದಿದ್ದಾಗ ಅಂದಾಜು ಅನಂತದ ಕಡೆ ಓಡಿಹೋಗುತ್ತದೆ. ಆ ರೇಶಿಯೊವನ್ನು ವರದಿಗೆ ಹಾಕುವಂತಿಲ್ಲ, ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ.

ಕೋಷ್ಟಕದ ಮೇಲಿನ `n= 227, number of events= 164` ಸಾಲು ಚಿತ್ರದಲ್ಲಿಲ್ಲ. ಇಂಟರ್ವಲ್‌ನ ಅಗಲವನ್ನು ನಿರ್ಧರಿಸುವುದು ಮುಖ್ಯವಾಗಿ ಘಟನೆಗಳ ಸಂಖ್ಯೆ, ಜನರ ಸಂಖ್ಯೆಯಲ್ಲ. `lung` ನಲ್ಲಿ 228 ಸಾಲುಗಳಿವೆ, ಒಬ್ಬರ ಮಾಹಿತಿ ಅಪೂರ್ಣವಾದ್ದರಿಂದ ಮಾಡೆಲ್ ಬಳಸಿದ್ದು 227. ಈ ಸಾಲಿಲ್ಲದೆ ಎಷ್ಟು ಜನ ಬಿಟ್ಟುಹೋದರು ಎಂಬುದು ಗೊತ್ತಾಗುವುದೇ ಇಲ್ಲ. ಕೇಳಿ ತರಿಸಿಕೊಳ್ಳಿ.

## ಹಂತ 8: ವಾಕ್ಯ ಬರೆಯುವುದು

ಎಲ್ಲ ಒರೆ ಮುಗಿದ ಮೇಲೆ ಬರೆಯಬೇಕಾದ ವಾಕ್ಯ ಹೀಗಿರುತ್ತದೆ: "ವಯಸ್ಸು ಮತ್ತು ಇಕಾಗ್ ಸ್ಕೋರ್ ಸರಿದೂಗಿಸಿದ ಮೇಲೆ, ಪುರುಷರಿಗೆ ಹೋಲಿಸಿದರೆ ಮಹಿಳೆಯರ ಸಾವಿನ ಹಜಾರ್ಡ್ ರೇಶಿಯೊ 0.58 (95% ಕಾನ್ಫಿಡೆನ್ಸ್ ಇಂಟರ್ವಲ್ 0.41 ರಿಂದ 0.80; 227 ಜನ, 164 ಸಾವು)."

ಇದನ್ನು "ಸಾಯುವವರ ಸಂಖ್ಯೆ 42 ಶೇಕಡಾ ಕಡಿಮೆ" ಎಂದು ಬದಲಿಸಬೇಡಿ. ಹಜಾರ್ಡ್ ಎಂದರೆ ಆ ಕ್ಷಣದವರೆಗೆ ಬದುಕಿರುವವರಲ್ಲಿ ಘಟನೆ ನಡೆಯುವ ವೇಗ. ಆ ವೇಗ 42 ಶೇಕಡಾ ಕಡಿಮೆ ಎನ್ನಬಹುದು. ಒಟ್ಟು ಸಾವಿನ ಪ್ರಮಾಣ ಅಷ್ಟೇ ಇಳಿಯಿತು ಎಂದಾಗುವುದಿಲ್ಲ, ಬದುಕಿದ ಅವಧಿ ಅಷ್ಟು ಪಟ್ಟು ಹೆಚ್ಚಿತು ಎಂದೂ ಆಗುವುದಿಲ್ಲ.

ಈ ವೇಗಗಳ ಅನುಪಾತ ಇಡೀ ಅವಧಿಯಲ್ಲಿ ಒಂದೇ ಆಗಿತ್ತು ಎಂಬುದು ಮಾಡೆಲ್ ಇಟ್ಟುಕೊಂಡ ಊಹೆ, ಕೋಷ್ಟಕ ಅದನ್ನು ಪರೀಕ್ಷಿಸಿ ತೋರಿಸುವುದಿಲ್ಲ. ಆರ್‌ನಲ್ಲಿ ಆ ಪರೀಕ್ಷೆಗೆ `cox.zph` ಎಂಬ ಬೇರೆ ಆದೇಶವಿದೆ. ಫೋಟೊ ಕಳಿಸಿದವರಿಂದ ಅದರ ಫಲಿತಾಂಶವನ್ನೂ ತರಿಸಿಕೊಳ್ಳಿ. ಈ ಸಲ ಫೋಟೊ ಬೇಡ, ಪರದೆಯಲ್ಲಿರುವ ಅಕ್ಷರಗಳನ್ನೇ ನಕಲಿಸಿ ಅಂಟಿಸಿ ಕಳಿಸಲು ಹೇಳಿ.